ಕಾವೇರಿ ಬರುವ ಮುಂಚೆ, ಬಂದ ಮೇಲೆ: ಊರಂಚಿನ ಬಡಾವಣೆಯೊಂದರ ನೀರಿನ ವ್ಯವಹಾರ

ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಯ ನಡುವೆ, ನಾಡಪ್ರಭು ಕೆಂಪೇಗೌಡ ಬಡಾವಣೆ ಹರಡಿಕೊಂಡಿದೆ. 12 ಹಳ್ಳಿಗಳ 4,043 ಎಕರೆಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಾಕಿಕೊಂಡ ಯೋಜನೆ ಇದು. ಅಂತಿಮ ಅಧಿಸೂಚನೆ ಬಂದದ್ದು 2010ರಲ್ಲಿ, ನಿವೇಶನ ಹಂಚಿಕೆ ಶುರುವಾದದ್ದು 2016ರಲ್ಲಿ. ಜಮೀನೆಲ್ಲ ಒಟ್ಟಿಗೆ ಕೈಗೆ ಸಿಗಲಿಲ್ಲ. ಹಾಗಾಗಿ ಒಂದು ಕಡೆ ಡಾಂಬರು ರಸ್ತೆ, ಅದರ ಪಕ್ಕದಲ್ಲೇ ರಾಗಿ ಹೊಲ, ಅದನ್ನು ದಾಟಿದರೆ ಮತ್ತೆ ನಿವೇಶನದ ಕಲ್ಲುಗಳು. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದವರೆಗೆ ಬಂದ ಮೇಲೆ, ಸೈಟು ಇಟ್ಟುಕೊಂಡು ಸುಮ್ಮನಿದ್ದವರಿಗೂ ಮನೆ ಕಟ್ಟುವ ಮನಸ್ಸಾಗುವುದು ಸಹಜ.

ಇಂಥ ಬಡಾವಣೆ ಕಂಡ ಕೂಡಲೇ ಹೆಚ್ಚಿನವರಿಗೆ ಹೊಳೆಯುವುದು ಎರಡು ವ್ಯವಹಾರ: ಒಂದು ಕಿರಾಣಿ ಅಂಗಡಿ, ಇನ್ನೊಂದು ನೀರಿನ ಟ್ಯಾಂಕರ್. 'ಅಲ್ಲಿ ಏನೂ ಇಲ್ಲ, ಏನು ಹಾಕಿದರೂ ನಡೆಯುತ್ತೆ' ಎನ್ನುವ ಮಾತೂ ಜೊತೆಗೇ ಬರುತ್ತದೆ. ಏನೂ ಇಲ್ಲದಿರುವುದು ನಿಜ. ಆದರೆ ಇಲ್ಲದ ಸೌಕರ್ಯ ಮುಂದೊಂದು ದಿನ ಬಂದೇ ಬರುತ್ತದೆ, ಬಂದ ತಿಂಗಳೇ ಅದು ಇಲ್ಲದಿರುವುದರ ಮೇಲೆ ನಿಂತ ವ್ಯವಹಾರ ಕುಸಿಯುತ್ತದೆ. ಈ ಅಧ್ಯಯನದಲ್ಲಿ ನೀರೊಂದನ್ನೇ ಹಿಡಿದು ನೋಡಿದ್ದೇವೆ. ಪ್ರಶ್ನೆ ಇಷ್ಟು: ಮೂರು ನಾಲ್ಕು ಲಕ್ಷ ಬಂಡವಾಳ ಇರುವವರು, ಕೊಳವೆ ನೀರು ಇಲ್ಲದ ಈಗಲೂ ದುಡಿದು, ಅದು ಬಂದ ಮೇಲೂ ಉಳಿಯುವಂಥದ್ದನ್ನು ಇಲ್ಲಿ ಹೇಗೆ ಕಟ್ಟಬಹುದು?

ಲೆಕ್ಕಕ್ಕೆ 600 ನಿವೇಶನಗಳ ಒಂದು ತುಂಡನ್ನು ತೆಗೆದುಕೊಂಡಿದ್ದೇವೆ. ಮುಂದೆ ಬರುವ ಮನೆಗಳ ಎಣಿಕೆ, ದರ, ಕೂಲಿ ಎಲ್ಲವೂ ಈ ಮಾದರಿ ತುಂಡಿಗೆ ಇಟ್ಟುಕೊಂಡವು. ನಿಮ್ಮ ಬಡಾವಣೆಯ ಸಂಖ್ಯೆ ಹಾಕಿ ಲೆಕ್ಕ ತಿರುಗಿ ಮಾಡಿಕೊಳ್ಳಬೇಕು.

ಮೊದಲು ಎಣಿಕೆ

ಮಾರಾಟವಾದ ನಿವೇಶನಗಳ ಸಂಖ್ಯೆ ವ್ಯಾಪಾರಕ್ಕೆ ಉಪಯೋಗವಿಲ್ಲ. ಸೈಟು ಕೊಂಡವರಲ್ಲಿ ಬಹುಪಾಲು ಜನ ಬೇರೆಲ್ಲೋ ಇರುತ್ತಾರೆ. ಎಣಿಸಬೇಕಾದದ್ದು ಮೂರನ್ನು: ಜನ ವಾಸವಿರುವ ಮನೆ, ಕೆಲಸ ನಡೆಯುತ್ತಿರುವ ಕಟ್ಟಡ, ಕೆಲಸ ನಿಂತುಹೋದ ಕಟ್ಟಡ. ಎರಡನೆಯದೂ ಮೂರನೆಯದೂ ದೂರದಿಂದ ಒಂದೇ ಥರ ಕಾಣುತ್ತವೆ. ಹತ್ತಿರ ಹೋಗಿ ಮರಳ ಗುಡ್ಡೆ ನೋಡಿ. ಅದರ ಮೇಲೆ ಹುಲ್ಲು ಬೆಳೆದಿದ್ದರೆ ಆ ಕೆಲಸ ನಿಂತು ಒಂದು ಮಳೆಗಾಲವಾದರೂ ಆಗಿದೆ.

ವಾಸದ ಮನೆ ಎಣಿಸಲು ಭಾನುವಾರ ರಾತ್ರಿ ಎಂಟರ ಹೊತ್ತು ಒಳ್ಳೆಯದು, ಊರಿಗೆ ಹೋದವರೂ ಅಷ್ಟು ಹೊತ್ತಿಗೆ ಹಿಂದಿರುಗಿರುತ್ತಾರೆ. ದೀಪ ಉರಿಯುವ ಮಹಡಿಗಳನ್ನು ಬೇರೆ ಬೇರೆಯಾಗಿ ಎಣಿಸಬೇಕು, ಏಕೆಂದರೆ 30x40ರ ಸೈಟಿನಲ್ಲಿ ಕೆಳಗೆ ಮಾಲೀಕರು, ಮೇಲೆ ಒಂದೋ ಎರಡೋ ಬಾಡಿಗೆ ಸಂಸಾರ ಇರುವುದು ಮಾಮೂಲು. ಕಾವಲುಗಾರರ ಶೆಡ್ಡಿನ ದೀಪವನ್ನು ಮನೆಯೆಂದು ಎಣಿಸಿದರೆ ಲೆಕ್ಕ ಕೆಡುತ್ತದೆ.

ನಮ್ಮ ಮಾದರಿ ತುಂಡಿನಲ್ಲಿ 62 ವಾಸದ ಕಟ್ಟಡ, ಅವುಗಳಲ್ಲಿ 90 ಸಂಸಾರ, ಕೆಲಸ ನಡೆಯುತ್ತಿರುವ 40 ಕಟ್ಟಡ ಎಂದಿಟ್ಟುಕೊಳ್ಳೋಣ. ಉಳಿದ ಸುಮಾರು ಐನೂರು ಸೈಟುಗಳಲ್ಲಿ ಸದ್ಯಕ್ಕೆ ಗಿಡಗಂಟಿ.

ಇಷ್ಟು ಗೊತ್ತಾದರೆ ಕಿರಾಣಿಯ ಮಾತು ಬೇಗ ಮುಗಿಯುತ್ತದೆ. 90 ಸಂಸಾರಗಳಲ್ಲಿ ಕೆಲಸಕ್ಕೆ ಹೋಗುವವರು ತಿಂಗಳ ಸಾಮಾನನ್ನು ಕೆಂಗೇರಿಯಿಂದಲೋ ಆನ್‌ಲೈನಿನಿಂದಲೋ ತರಿಸುತ್ತಾರೆ. ಅಂಗಡಿಗೆ ಉಳಿಯುವುದು ಹಾಲು, ಮೊಸರು, ಕೊತ್ತಂಬರಿ, ಮತ್ತು ಕಟ್ಟಡ ಕೆಲಸದವರ ಚಹಾ, ಬನ್ನು, ಬೀಡಿ. ಹಾಲಿನಲ್ಲಿ ಸಿಗುವ ಕಮಿಷನ್ ಪ್ಯಾಕೆಟ್ಟಿಗೆ ಒಂದೆರಡು ರೂಪಾಯಿ. ಸ್ವಂತ ಜಾಗವಿದ್ದು ಮನೆಯವರೇ ಕೂರುವುದಾದರೆ ಸರಿ, ಬಾಡಿಗೆ ಕೊಟ್ಟು ನಡೆಸುವ ಕಾಲ ಇನ್ನೂ ಬಂದಿಲ್ಲ. ತಳ್ಳುಗಾಡಿಯಲ್ಲಿ ಬೆಳಿಗ್ಗೆ ತಿಂಡಿ ಮಾರುವವರು ಇದೇ ಹಂತದಲ್ಲಿ ಅಂಗಡಿಯವರಿಗಿಂತ ಹೆಚ್ಚು ದುಡಿಯುತ್ತಾರೆ. ಕೆಲಸ ಯಾವ ರಸ್ತೆಗೆ ಹೋಗುತ್ತದೋ ಗಾಡಿಯೂ ಅಲ್ಲಿಗೇ ಹೋಗುತ್ತದಲ್ಲ.

ಟ್ಯಾಂಕರ್ ಕೊಳ್ಳುವ ಮುಂಚೆ

ನೀರಿನ ಬೇಡಿಕೆ ಮಾತ್ರ ನಿಜವಾದದ್ದು, ದೊಡ್ಡದು. ನಾಲ್ಕು ಜನರ ಸಂಸಾರ ಕೈ ಬಿಗಿ ಹಿಡಿದರೂ ದಿನಕ್ಕೆ 500 ಲೀಟರ್ ಬಳಸುತ್ತದೆ, ಅಂದರೆ ತಿಂಗಳಿಗೆ 15,000 ಲೀಟರ್. 6,000 ಲೀಟರಿನ ಲೋಡು ಎರಡೂವರೆ ಬೇಕು. 90 ಸಂಸಾರಕ್ಕೆ ತಿಂಗಳಿಗೆ 225 ಲೋಡು.

ಕಟ್ಟಡಗಳ ಬೇಡಿಕೆ ಇದಕ್ಕಿಂತ ಏರುಪೇರಿನದು. 1,000 ಚದರಡಿಯ ಮೋಲ್ಡ್ ಹಾಕಿ, ಮರುದಿನ ಅದರ ಮೇಲೆ ಸಿಮೆಂಟಿನ ಬದು ಕಟ್ಟಿ ಎರಡು ಇಂಚು ನೀರು ನಿಲ್ಲಿಸುತ್ತಾರೆ. 93 ಚದರ ಮೀಟರಿಗೆ 5 ಸೆಂಟಿಮೀಟರ್ ಎಂದರೆ ಸುಮಾರು 4,650 ಲೀಟರ್. ಅಂದರೆ ಮೊದಲ ತುಂಬುವಿಕೆಗೇ ಲೋಡಿನ ಮುಕ್ಕಾಲು ಭಾಗ ಹೋಯಿತು. ಆಮೇಲೆ ಬಿಸಿಲಿಗೆ ಆವಿಯಾಗುವುದು, ಬದು ಬಿರುಕು ಬಿಟ್ಟು ಸೋರುವುದು, ಇವನ್ನು ದಿನಾ ತುಂಬುತ್ತಿರಬೇಕು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ 10 ದಿನ ನೀರುಣಿಸಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಒಣ ಬಿಸಿಲಿನಲ್ಲಿ ಇನ್ನೂ ಹೆಚ್ಚು. ಆ ವಾರ ಆ ಕಟ್ಟಡ ನಿಮ್ಮ ದೊಡ್ಡ ಗಿರಾಕಿ. ಪ್ಲಾಸ್ಟರಿಂಗ್ ಮುಗಿದು ಟೈಲ್ಸಿಗೆ ಬಂತೆಂದರೆ ಅದೇ ಕಟ್ಟಡ ಹದಿನೈದು ದಿನ ಫೋನೇ ಮಾಡುವುದಿಲ್ಲ.

ಹಾಗಾದರೆ ಟ್ಯಾಂಕರ್ ಏಕೆ ಬೇಡ? ಮೂರು ಕಾರಣ. ಒಂದಕ್ಕಿಂತ ಒಂದು ಗಟ್ಟಿ.

ಮೊದಲನೆಯದು ನೀರಿನ ಮೂಲ. ಟ್ಯಾಂಕರಿನವರ ನಿಜವಾದ ಆಸ್ತಿ ಬೋರ್‌ವೆಲ್. ಗಂಟೆಗೆ 2,000 ಲೀಟರ್ ಕೊಡುವ ಬೋರು 6,000 ಲೀಟರ್ ತುಂಬಲು ಮೂರು ಗಂಟೆ ಹಿಡಿಯುತ್ತದೆ. ದಿನವಿಡೀ ಓಡಿದರೂ ಎಂಟು ಲೋಡಿಗಿಂತ ಜಾಸ್ತಿ ಇಲ್ಲ, ಅದೂ ಕರೆಂಟು ಪೂರ್ತಿ ಇದ್ದರೆ. ಗಾಡಿ ಕಾಯದಿರಲೆಂದು ದೊಡ್ಡ ಸಂಪು ಕಟ್ಟಿ, ಅದರಿಂದ ದೊಡ್ಡ ಪಂಪಿನಲ್ಲಿ ಇಪ್ಪತ್ತು ನಿಮಿಷಕ್ಕೆ ತುಂಬಿಸಬಹುದು. ಆದರೆ ಬೋರು ಕೊಡುವ ನೀರೇನೂ ಅದರಿಂದ ಹೆಚ್ಚುವುದಿಲ್ಲ. ಫೆಬ್ರುವರಿ ಕಳೆದ ಮೇಲೆ, ಬೇಡಿಕೆ ಏರುವ ಹೊತ್ತಿಗೆ ಸರಿಯಾಗಿ, ಬೋರು ಗಾಳಿ ಕಕ್ಕಲು ಶುರುಮಾಡುತ್ತದೆ. ಹೊಸ ಬೋರು ಕೊರೆಸಲು ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕು. ಅನುಮತಿ ಸಿಕ್ಕರೂ ನೀರು ಸಿಗುತ್ತದೆಂಬ ಖಾತ್ರಿ ಇಲ್ಲ.

ಎರಡನೆಯದು ದರ. ಬರ ಬಂದಾಗ ದುಡ್ಡು ಮಾಡಿಕೊಳ್ಳಬಹುದೆಂದು ಲೆಕ್ಕ ಹಾಕುವವರು 2024ರ ಮಾರ್ಚ್ ನೆನಪಿಟ್ಟುಕೊಳ್ಳಬೇಕು. ಆಗ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್‌ಗಳಿಗೆ ದರ ಕಟ್ಟಿತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಗಾಡಿಗಳ ನೋಂದಣಿಯೂ ಕಡ್ಡಾಯವಾಯಿತು. ಅದೇ ತಿಂಗಳು ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದೆಂದು ಹೇಳಿ 5,000 ರೂಪಾಯಿ ದಂಡ ನಿಗದಿ ಮಾಡಿತು. ಅಂದರೆ ಬೇಡಿಕೆ ಉಕ್ಕುವ ತಿಂಗಳಲ್ಲೇ ದರವೂ ಗಿರಾಕಿಯೂ ನಿಮ್ಮ ಕೈ ಬಿಟ್ಟು ಹೋಗಬಹುದು.

ಮೂರನೆಯದು ಕಾವೇರಿಯೇ. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಟ್ಟಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ವರ್ಷಗಟ್ಟಲೆ ತಡವಾದ ಯೋಜನೆ, ಆದರೂ ಬಂತು. ಸಂಪರ್ಕ ಪಡೆದ ಮನೆಯವರು ಟ್ಯಾಂಕರಿನವರಿಗೆ ತಿಂಗಳಿಗೆ ಎರಡೂವರೆ ಬಾರಿ ಫೋನ್ ಮಾಡುವುದಿಲ್ಲ. ಸರದಿ ತಪ್ಪಿದ ವಾರವಷ್ಟೇ ಮಾಡುತ್ತಾರೆ. ಐದು ವರ್ಷದ ಸಾಲದಲ್ಲಿ ಕೊಂಡ ಗಾಡಿಗೆ ಆ ದಿನ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು.

ಗಾಡಿ ಇಲ್ಲದ ನೀರಿನ ವ್ಯಾಪಾರ

ಇದಕ್ಕೆ ನಮ್ಮ ಮಾದರಿಯ ಉತ್ತರ: ಟ್ಯಾಂಕರ್ ಬೇರೆಯವರದಿರಲಿ, ಗಿರಾಕಿ ನಿಮ್ಮವರಿರಲಿ. ಸುತ್ತಲಿನ ಹಳ್ಳಿಗಳ ನಾಲ್ಕೈದು ಟ್ಯಾಂಕರ್ ಮಾಲೀಕರ ಜೊತೆ ಮಾತಾಡಿಕೊಂಡು, ಮನೆಗಳ ಆರ್ಡರ್ ತೆಗೆದುಕೊಂಡು, ಲೋಡಿಗೆ 50 ರೂಪಾಯಿ ಕಮಿಷನ್ ಇಟ್ಟುಕೊಳ್ಳುವುದು. ದಲ್ಲಾಳಿ ಕೆಲಸ ಎಂದು ಮೂಗು ಮುರಿಯಬಹುದು. ಆದರೆ ಮನೆಯವರು 50 ರೂಪಾಯಿ ಏಕೆ ಕೊಡುತ್ತಾರೆಂದರೆ, ಎರಡು ಕೆಲಸವನ್ನು ಅವರಿಗೆ ಬೇರೆ ಯಾರೂ ಮಾಡಿಕೊಡುವುದಿಲ್ಲ.

ಒಂದು, ಅಳತೆ. 6,000 ಎಂದು ಹೇಳಿ 5,000 ಸುರಿದು ಹೋಗುವುದು ಈ ವ್ಯಾಪಾರದ ಹಳೆಯ ರೋಗ. ಸಂಪಿನ ಉದ್ದ ಅಗಲ ಒಮ್ಮೆ ಅಳೆದಿಟ್ಟರೆ ಇದನ್ನು ಹಿಡಿಯುವುದು ಸುಲಭ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಸಂಪಿನಲ್ಲಿ 6,000 ಲೀಟರ್ ಬಿದ್ದರೆ ನೀರು ಒಂದೂವರೆ ಮೀಟರ್ ಏರಬೇಕು. ಒಂದೂಕಾಲು ಮೀಟರ್ ಏರಿದ್ದರೆ 5,000 ಬಂದಿದೆ. ಪ್ರತಿ ಮನೆಗೂ ಲೀಟರಿನ ಗುರುತು ಹಾಕಿದ ಒಂದು ಪಿವಿಸಿ ಪೈಪನ್ನು ಅಳತೆ ಕೋಲಾಗಿ ಕೊಟ್ಟರೆ ಖರ್ಚು ನೂರು ರೂಪಾಯಿ ಒಳಗೆ. ಸುರಿಯುವ ಮೊದಲು, ಸುರಿದ ಮೇಲೆ ಅದ್ದಿ ನೋಡುವುದಷ್ಟೇ. ಮೊದಲ ತಿಂಗಳು ಟ್ಯಾಂಕರಿನವರು ಮುನಿಸಿಕೊಳ್ಳುತ್ತಾರೆ. ಆರ್ಡರ್ ನಿಲ್ಲದೆ ಬಂದರೆ ಸರಿಹೋಗುತ್ತಾರೆ.

ಎರಡು, ನೀರಿನ ಗುಣ. ಮನೆಗೆ ಹೋಗುವ ನೀರು ಬೇರೆ, ಕಾಂಕ್ರೀಟಿಗೆ ಹೋಗುವುದು ಬೇರೆ. ಕಂಬಿ ಇರುವ ಕಾಂಕ್ರೀಟಿಗೆ ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಪಿಎಚ್ 6ಕ್ಕಿಂತ ಇಳಿಯಬಾರದು ಎಂದು ಅದೇ ಐಎಸ್ 456 ಹೇಳುತ್ತದೆ. ಕ್ಲೋರೈಡ್ ಹೆಚ್ಚಿದ್ದರೆ ಇವತ್ತು ಏನೂ ಕಾಣುವುದಿಲ್ಲ. ವರ್ಷಗಳ ಮೇಲೆ ಒಳಗಿನ ಕಂಬಿ ತುಕ್ಕು ಹಿಡಿದು ಊದಿ, ಕಾಂಕ್ರೀಟ್ ಸಿಡಿಯುತ್ತದೆ. ಆರ್‌ಒ ಘಟಕದಿಂದ ಹೊರಬೀಳುವ ಉಪ್ಪು ನೀರನ್ನು ಅಗ್ಗಕ್ಕೆ ಕಟ್ಟಡಗಳಿಗೆ ಸಾಗಿಸುವವರಿದ್ದಾರೆ. ಪರೀಕ್ಷೆ ಮಾಡಿಸದೆ ಅದನ್ನು ಮುಟ್ಟಬಾರದು. ಪ್ರತಿ ಮೂಲದ ನೀರನ್ನು ವರ್ಷಕ್ಕೆರಡು ಬಾರಿ, ಬೇಸಿಗೆಯಲ್ಲೊಮ್ಮೆ ಮಳೆ ಮುಗಿದ ಮೇಲೊಮ್ಮೆ, ಲ್ಯಾಬಿಗೆ ಕೊಟ್ಟು ವರದಿಯನ್ನು ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಹಾಕಿದರೆ ಸಾಕು, ಇನ್ನೊಬ್ಬ ದಲ್ಲಾಳಿ ಹತ್ತು ರೂಪಾಯಿ ಕಡಿಮೆ ಹೇಳಿದರೂ ಗಿರಾಕಿ ಜಗ್ಗುವುದಿಲ್ಲ.

ಇದರ ಜೊತೆಗೆ ಕುಡಿಯುವ ನೀರಿನ ಕ್ಯಾನು. ಸ್ವಂತ ಆರ್‌ಒ ಘಟಕ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಗಂಟೆಗೆ 500 ಲೀಟರ್ ಶುದ್ಧ ನೀರು ಬೇಕೆಂದರೆ ಸುಮಾರು 1,000 ಲೀಟರ್ ಕಚ್ಚಾ ನೀರು ಬೇಕು, ಅರ್ಧ ಹೊರಗೆ ಹೋಗುತ್ತದೆ. ಕೊಳವೆ ನೀರಿಲ್ಲದ ಬಡಾವಣೆಯಲ್ಲಿ ಆ ಸಾವಿರ ಲೀಟರನ್ನೂ ಟ್ಯಾಂಕರಿನಲ್ಲೇ ತರಿಸಬೇಕು, ಹೊರಬಿದ್ದ ಉಪ್ಪು ನೀರನ್ನು ಹರಿಸಲು ಚರಂಡಿಯೂ ಇಲ್ಲ. ಗಡಸು ನೀರಿಗೆ ಸುಣ್ಣ ಕಟ್ಟದಂತೆ ತಡೆಯುವ ದ್ರಾವಣ ತಪ್ಪದೆ ಹಾಕದಿದ್ದರೆ ಮೆಂಬ್ರೇನ್ ಕೆಲವೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಮುಚ್ಚಿದ ಕ್ಯಾನಿನಲ್ಲಿ ಮಾರುವುದಾದರೆ ಆಹಾರ ಸುರಕ್ಷತೆಯ ಪರವಾನಗಿ, ಲ್ಯಾಬಿನ ಖರ್ಚು ಬೇರೆ. ಆದ್ದರಿಂದ ಪರವಾನಗಿ ಇರುವ ಘಟಕದಿಂದ ಏಜೆನ್ಸಿ ತೆಗೆದುಕೊಂಡು, ಕ್ಯಾನು ಹಂಚುವುದಷ್ಟೇ ಈ ಮಾದರಿಯಲ್ಲಿದೆ. 90 ಸಂಸಾರಗಳಲ್ಲಿ ಅರ್ಧ ಜನ ಎರಡು ದಿನಕ್ಕೊಂದು ಕ್ಯಾನು ತೆಗೆದುಕೊಂಡರೆ ತಿಂಗಳಿಗೆ ಸುಮಾರು 650. ಕ್ಯಾನಿಗೆ 15 ರೂಪಾಯಿ ಉಳಿದರೆ 9,750. ಹಸಿರು ಪಾಚಿ ಕಟ್ಟಿದ ಕ್ಯಾನು ಒಂದೇ ಒಂದು ಹೋದರೂ ಇಡೀ ರಸ್ತೆಯ ಗಿರಾಕಿ ಹೋಗುತ್ತದೆ. ಬಿಸಿಲಿಗೆ ಇಟ್ಟ ಕ್ಯಾನಿನಲ್ಲೇ ಪಾಚಿ ಬೆಳೆಯುವುದರಿಂದ ಗಾಡಿಗೆ ತಾಡಪಾಲು ಹೊದಿಸುವುದನ್ನು ಮರೆಯಬಾರದು.

ಸಂಪು ತೊಳೆಯುವ ಕೆಲಸ

ಕಾವೇರಿ ಬಂದ ಮೇಲೂ ಉಳಿಯುವುದು ಇದು. ಟ್ಯಾಂಕರ್ ನೀರು ತನ್ನ ಜೊತೆ ಕೆಂಪು ಮಣ್ಣು ತರುತ್ತದೆ, ಆರು ತಿಂಗಳಿಗೆ ಸಂಪಿನ ತಳದಲ್ಲಿ ಕೆಸರು ನಿಂತಿರುತ್ತದೆ. ಹೊಸ ಮನೆಯ ಸಂಪಿನಲ್ಲಂತೂ ಸಿಮೆಂಟಿನ ತಿಳಿ, ಮರದ ಹೊಟ್ಟು, ಮೊಳೆ, ಪೇಂಟ್ ಡಬ್ಬಿಯ ಮುಚ್ಚಳ ಏನು ಬೇಕಾದರೂ ಸಿಗುತ್ತದೆ. ಗೃಹಪ್ರವೇಶಕ್ಕೆ ಎರಡು ದಿನ ಮುಂಚೆ ಬರುವ ಫೋನುಗಳೇ ಈ ಕೆಲಸದ ಮೊದಲ ಆದಾಯ.

ಇಲ್ಲಿ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಪ್ರಾಣದ ಮಾತು. ಮುಚ್ಚಿದ ಸಂಪಿನೊಳಗೆ ಇಳಿದವರು ಉಸಿರುಕಟ್ಟಿ ಸಾಯುವುದು, ಅವರನ್ನು ಎತ್ತಲು ಇಳಿದವರೂ ಸಾಯುವುದು ಕಟ್ಟಡ ಕೆಲಸದಲ್ಲಿ ಮತ್ತೆ ಮತ್ತೆ ಆಗುವ ದುರಂತ. ಹೊಸ ಸಂಪಿನಲ್ಲಿ ಸೆಂಟ್ರಿಂಗ್ ಬಿಚ್ಚದೆ ವಾರಗಟ್ಟಲೆ ಮುಚ್ಚಿಟ್ಟಿದ್ದರೆ, ಒದ್ದೆ ಹಲಗೆಗಳು ಕೊಳೆಯುತ್ತಾ ಒಳಗಿನ ಆಮ್ಲಜನಕವನ್ನು ತಿಂದುಹಾಕುತ್ತವೆ. ವಾಸನೆ ಇರುವುದಿಲ್ಲ, ಕಣ್ಣಿಗೂ ಏನೂ ಕಾಣುವುದಿಲ್ಲ. ಹಳೆಯ ಸಂಪು ಶೌಚಗುಂಡಿಯ ಪಕ್ಕದಲ್ಲಿದ್ದರೆ ಅಲ್ಲಿಂದ ವಿಷಗಾಳಿ ಜಿನುಗಿರಬಹುದು. ನೀರು ಖಾಲಿ ಮಾಡಲು ಪೆಟ್ರೋಲ್ ಪಂಪನ್ನು ಒಳಗಿಳಿಸಿ ಚಾಲೂ ಮಾಡುವುದು ಇನ್ನೊಂದು ಸಾವಿನ ದಾರಿ, ಅದರ ಹೊಗೆ ಕೆಲವೇ ನಿಮಿಷಗಳಲ್ಲಿ ಪ್ರಾಣ ತೆಗೆಯುತ್ತದೆ. ಮೇಣದಬತ್ತಿ ಇಳಿಸಿ ನೋಡುವುದು ಪರೀಕ್ಷೆಯಲ್ಲ. ನಾಲ್ಕು ಅನಿಲ ತೋರಿಸುವ ಮೀಟರ್ ಬೇಕು. ಅದನ್ನು ಹಗ್ಗದಲ್ಲಿ ಮೇಲೆ, ನಡುವೆ, ತಳದಲ್ಲಿ ಇಳಿಸಿ ನೋಡಿದಾಗ ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ತೋರಿಸಿದರೆ, ಅಥವಾ ಮೀಟರ್ ಬೇರೆ ಯಾವುದಕ್ಕೇ ಕೂಗಿದರೂ, ಯಾರೂ ಇಳಿಯಕೂಡದು. ಬ್ಲೋಯರಿನ ಪೈಪನ್ನು ತಳದವರೆಗೆ ಬಿಟ್ಟು ಗಾಳಿ ಊದುತ್ತಲೇ ಇರಬೇಕು. ಇಳಿದವರ ಎದೆಗೆ ಪಟ್ಟಿ, ಅದಕ್ಕೆ ಹಗ್ಗ, ಹಗ್ಗದ ತುದಿ ಮೇಲಿರುವವರ ಕೈಯಲ್ಲಿ. ಆ ಮೇಲಿನವರು ಬೀಡಿಗೆಂದೂ ಕದಲಬಾರದು. ಈ ಸಾಮಾನು ಕೊಳ್ಳಲು ಬಂಡವಾಳ ಸಾಲದಿದ್ದರೆ ಸಂಪಿನ ಕೆಲಸ ಹಿಡಿಯಬೇಡಿ, ಮೇಲಿನ ಪ್ಲಾಸ್ಟಿಕ್ ಟ್ಯಾಂಕುಗಳನ್ನು ಹೊರಗಿನಿಂದಲೇ ತೊಳೆಯಿರಿ.

ಕೆಲಸದ ಕ್ರಮ ಹೀಗೆ. ಎರಡು ದಿನ ಮುಂಚೆಯೇ ಮನೆಯವರಿಗೆ ಹೇಳಿ ಹೊಸ ಲೋಡು ತರಿಸದಂತೆ ನೋಡಿಕೊಳ್ಳಬೇಕು, ನೀರು ಒಂದು ಅಡಿಗೆ ಇಳಿದಿರಬೇಕು. ಆರ್ಡರ್ ನಿಮ್ಮ ಕೈಯಲ್ಲೇ ಇದ್ದರೆ ಇದು ತಾನಾಗಿ ಆಗುತ್ತದೆ. ತುಂಬಿದ ಸಂಪು ಖಾಲಿ ಮಾಡಿ ಎಂದರೆ ಮನೆಯವರು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಉಳಿದ ಒಂದಡಿಯನ್ನು ಕೆಸರೆಳೆಯುವ ಸಬ್‌ಮರ್ಸಿಬಲ್ ಪಂಪಿನಿಂದ ಹೊರಗೆಳೆದು ಪಕ್ಕದ ಕಟ್ಟಡದ ಗೋಡೆಗೆ ಕ್ಯೂರಿಂಗಿಗೆ ಕೊಟ್ಟರೆ ಅದೂ ದಂಡವಾಗದು. ಪಂಪಿನ ಲೈನಿಗೆ, ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಕಡ್ಡಾಯ, ಮನುಷ್ಯರು ಒಳಗಿದ್ದಾಗ ಪಂಪು ಆಫ್.

ಆಮೇಲೆ ನೈಲಾನ್ ಬ್ರಷ್ಷಿನಿಂದ ಗೋಡೆ ಉಜ್ಜಿ, ಕೆಸರನ್ನು ವೆಟ್ ವ್ಯಾಕ್ಯೂಮಿನಿಂದ ಎಳೆಯುವುದು. ಪ್ರೆಷರ್ ಜೆಟ್ಟನ್ನು ಹಳೆಯ, ಗಟ್ಟಿ ಪ್ಲಾಸ್ಟರಿಗೆ ಮಾತ್ರ ಬಳಸಬೇಕು. ಪ್ಲಾಸ್ಟರಿಂಗ್ ಆಗಿ 28 ದಿನ ತುಂಬದ ಸಂಪಿಗೆ ಜೆಟ್ ಹಿಡಿದರೆ ಮೇಲ್ಪದರ ಎದ್ದು, ಮುಂದೆ ಸಂಪು ಸೋರಿದಾಗ ತಪ್ಪು ನಿಮ್ಮ ತಲೆಗೇ ಬರುತ್ತದೆ.

ಕೊನೆಗೆ ಕ್ಲೋರಿನ್. ಶೇ 25ರ ಬ್ಲೀಚಿಂಗ್ ಪೌಡರ್ 80 ಗ್ರಾಂ ಅನ್ನು 100 ಲೀಟರ್ ನೀರಿಗೆ ಬೆರೆಸಿದರೆ ಲೀಟರಿಗೆ 200 ಮಿಲಿಗ್ರಾಂ ಕ್ಲೋರಿನ್ ಇರುವ ದ್ರಾವಣ ಸಿಗುತ್ತದೆ. ಪುಡಿ ತಿಳಿಯಾದ ಮೇಲೆ ಮೇಲಿನ ನೀರನ್ನಷ್ಟೇ ಸೋಸಿಕೊಂಡು, ಉದ್ದ ಕೊಳವೆಯ ಸ್ಪ್ರೇಯರಿನಲ್ಲಿ ಹೊರಗೆ ನಿಂತೇ ಗೋಡೆಗಳಿಗೆ ಹೊಡೆದು, ಅರ್ಧ ಗಂಟೆ ಬಿಟ್ಟು ತೊಳೆಯಬೇಕು. ಒಳಗೆ ನಿಂತು ಸಿಂಪಡಿಸಬಾರದು. ಕಲೆ ಹೋಗಲೆಂದು ಆಸಿಡ್ ಹಾಕಿದ ಸಂಪಿಗೆ ಬ್ಲೀಚಿಂಗ್ ಸೇರಿದರೆ ಕ್ಲೋರಿನ್ ಅನಿಲವೇ ಏಳುತ್ತದೆ. ಹಾಗಾಗಿ ಕೆಲಸಗಾರರ ಚೀಲದಲ್ಲಿ ಆಸಿಡ್ ಬಾಟಲಿ ಇರಲೇಕೂಡದು. ಹೊಸ ಲೋಡು ಬಿದ್ದ ಮೇಲೆ 10,000 ಲೀಟರಿಗೆ ಅದೇ ಪುಡಿ 80 ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಅರ್ಧ ಗಂಟೆಯ ನಂತರ ಹನಿ ಹಾಕಿ ಬಣ್ಣ ನೋಡುವ ಕಿಟ್ಟಿನಲ್ಲಿ ಕನಿಷ್ಠ 0.2 ಉಳಿದಿರಬೇಕು. ಏನೂ ಉಳಿಯದಿದ್ದರೆ ನೀರಲ್ಲಿ ಕೊಳೆ ಹೆಚ್ಚಿದೆ, ಇಲ್ಲವೇ ಪುಡಿ ಹಳೆಯದು. ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪೌಡರ್ ದಿನೇದಿನೇ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ಸಣ್ಣ ಪ್ಯಾಕೆಟ್ಟುಗಳನ್ನೇ ಕೊಳ್ಳಿ.

8,000 ಲೀಟರಿನ ಸಂಪು, ಮೇಲಿನ ಒಂದು ಟ್ಯಾಂಕು ಸೇರಿ ಇಬ್ಬರಿಗೆ ಸುಮಾರು ಮೂರು ಗಂಟೆ ಕೆಲಸ. 1,500 ರೂಪಾಯಿ ತೆಗೆದುಕೊಂಡರೆ, ಸಹಾಯಕರ ಕೂಲಿ 500, ಪುಡಿ ಮತ್ತು ಇಂಧನ 200 ಕಳೆದು 800 ಉಳಿಯುತ್ತದೆ.

ಲೆಕ್ಕ ಕೂಡಿಸಿದಾಗ

ಬಂಡವಾಳದಲ್ಲಿ ಸೆಕೆಂಡ್ ಹ್ಯಾಂಡ್ ಗೂಡ್ಸ್ ಆಟೋಗೆ ಎರಡು ಲಕ್ಷ, 180 ಕ್ಯಾನುಗಳಿಗೆ ಸುಮಾರು 30,000, ಪಂಪು, ಜೆಟ್, ವ್ಯಾಕ್ಯೂಮ್, ಬ್ಲೋಯರ್, ಗ್ಯಾಸ್ ಮೀಟರ್, ಹಗ್ಗ ಪಟ್ಟಿಗಳಿಗೆ ಒಂದು ಲಕ್ಷ ಎಂದಿಟ್ಟುಕೊಳ್ಳಿ.

ತಿಂಗಳ ಆದಾಯ ನೋಡಿ. ಕ್ಯಾನಿನಿಂದ 9,750. ಮನೆಗಳ 225 ಲೋಡಿನಲ್ಲಿ ಮೂರನೇ ಒಂದು ಭಾಗ ನಿಮ್ಮ ಕೈಗೆ ಬಂದರೆ 75 ಲೋಡು, 3,750 ರೂಪಾಯಿ. 40 ಕಟ್ಟಡಗಳಲ್ಲಿ ಹತ್ತು ಸಿಕ್ಕು, ತಿಂಗಳಿಗೆ ತಲಾ ಎಂಟು ಲೋಡು ತರಿಸಿದರೆ 4,000. ಸಂಪು ತೊಳೆಯುವುದಕ್ಕೆ 62 ಕಟ್ಟಡಗಳಲ್ಲಿ ಅರ್ಧ ಜನ ವರ್ಷಕ್ಕೆರಡು ಬಾರಿ ಒಪ್ಪಿದರೆ ತಿಂಗಳಿಗೆ ಐದು, ಗೃಹಪ್ರವೇಶದವು ಮೂರು, ಒಟ್ಟು ಎಂಟು ಕೆಲಸ, 6,400. ಎಲ್ಲ ಸೇರಿ 23,900. ಗಾಡಿ, ವಿಮೆ, ಫೋನಿಗೆ 7,000, ವಸೂಲಾಗದ ಬಾಕಿಗೆ 2,000 ಕಳೆದರೆ ಕೈಗೆ 14,900.

ಆಟೋ ಓಡಿಸುವ ಕೂಲಿಗೂ ಇದು ಸಾಲದು. 600 ನಿವೇಶನದ ಒಂದು ತುಂಡು ಒಂದು ಸಂಸಾರವನ್ನು ಸಾಕಲಾರದು ಎಂಬುದೇ ಎಣಿಕೆ ಹೇಳುವ ಮುಖ್ಯ ಮಾತು. ಮೂರು ತುಂಡು ಹಿಡಿದರೆ ಬರುವುದು 71,700. ಆಗ ಕ್ಯಾನು ಹಾಕುವ ಹುಡುಗನಿಗೆ 18,000, ಗಾಡಿ ಖರ್ಚು 15,000, ಬಾಕಿಗೆ 6,000 ಕಳೆದು 32,700 ಉಳಿಯುತ್ತದೆ. ಆದ್ದರಿಂದ ಮೊದಲ ಆರು ತಿಂಗಳು ಈಗಿನ ಕೆಲಸ ಬಿಡದೆ, ಬೆಳಗು ಸಂಜೆ ಮಾತ್ರ ನಡೆಸುವುದು ವಾಸಿ.

ಬಾಕಿಯ ಬಗ್ಗೆ ಒಂದು ಮಾತು. ಮನೆಯವರು ಬಾಕಿ ಮುಳುಗಿಸುವುದು ಅಪರೂಪ. ಮುಳುಗುವುದು ಕಟ್ಟಡಗಳಲ್ಲಿ. ನೀರಿನ ಖರ್ಚು ಮಾಲೀಕರದೋ ಗುತ್ತಿಗೆದಾರರದೋ ಎಂಬುದು ಎಷ್ಟೋ ಕರಾರುಗಳಲ್ಲಿ ಬರೆದೇ ಇರುವುದಿಲ್ಲ. ಮೇಸ್ತ್ರಿ ಫೋನ್ ಮಾಡಿ ತರಿಸಿಕೊಳ್ಳುತ್ತಾರೆ, ಮೋಲ್ಡ್ ಆದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಮೊದಲ ಲೋಡಿಗೆ ಮುಂಚೆ ಮಾಲೀಕರ ನಂಬರ್ ತೆಗೆದುಕೊಂಡು, ಪ್ರತಿ ಲೋಡಿನ ಫೋಟೋ ಅವರಿಗೇ ಕಳಿಸಿ, ಹತ್ತು ಲೋಡಿನ ಹಣ ಮುಂಗಡ ಪಡೆಯಿರಿ. ಮುಂಗಡ ಕೊಡದ ಕಟ್ಟಡವನ್ನು ಬೇರೆಯವರಿಗೆ ಬಿಡುವುದೇ ಲಾಭ.

ಮಳೆಗಾಲದ್ದು ಇನ್ನೊಂದು ತೊಡಕು. ಡಾಂಬರಿಲ್ಲದ ಅಡ್ಡರಸ್ತೆಯಲ್ಲಿ ತುಂಬಿದ ಟ್ಯಾಂಕರ್ ಹೂತರೆ ಅರ್ಧ ದಿನ ಹೋಯಿತು. ಒಳಚರಂಡಿ ಪೈಪು ಹಾಕಲು ಅಗೆದು ಮುಚ್ಚಿದ ಜಾಗ ಮೊದಲ ಮಳೆಗೆ ಕುಸಿಯುತ್ತದೆ. ಅಂಥ ರಸ್ತೆಗಳಿಗೆ ಜೂನ್‌ಗೆ ಮುಂಚೆಯೇ ಚಿಕ್ಕ ಟ್ರ್ಯಾಕ್ಟರ್ ಟ್ಯಾಂಕರನ್ನು ಗೊತ್ತು ಮಾಡಿಕೊಂಡಿರಬೇಕು.

ಶೌಚಗುಂಡಿ ಖಾಲಿ ಮಾಡುವ ಲಾರಿಯ ಯೋಚನೆಯೂ ಕೆಲವರಿಗಿದೆ. ಅದು ಇಲ್ಲಿಗೆ ಇನ್ನೂ ಬೇಗ. ಸರಿಯಾಗಿ ಕಟ್ಟಿದ ಗುಂಡಿ ಮೊದಲ ಎರಡು ಮೂರು ವರ್ಷ ಕರೆಯುವುದೇ ಇಲ್ಲ. ಮೊದಲ ಮಳೆಗಾಲದಲ್ಲೇ ಕರೆ ಬಂದರೆ ಅದು ಗುಂಡಿ ತುಂಬಿದ್ದಲ್ಲ, ಜೇಡಿ ಮಣ್ಣಿನಲ್ಲಿ ಇಂಗುಗುಂಡಿ ನೀರು ಕುಡಿಯದೆ ಉಕ್ಕಿದ್ದು. ಖಾಲಿ ಮಾಡಿದರೂ ವಾರದಲ್ಲಿ ಮತ್ತೆ ತುಂಬುತ್ತದೆ. ಮನೆಯವರು ನಿಮ್ಮನ್ನೇ ಬೈಯುತ್ತಾರೆ.

ಕೊಳವೆಯಲ್ಲಿ ನೀರು ಬಂದ ತಿಂಗಳು

ಈಗ ಅದೇ ಮೂರು ತುಂಡುಗಳಿಗೆ ನೀರು ಬಂತು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ತುಂಡಿಗೆ ವಾಸದ ಕಟ್ಟಡ 120, ಸಂಸಾರ 180 ಆಗಿವೆ. ಟ್ಯಾಂಕರ್ ಕಮಿಷನ್, ಅಂದರೆ 23,250 ರೂಪಾಯಿ, ಪೂರ್ತಿ ಹೋಯಿತೆನ್ನಿ. ಕ್ಯಾನು ತೆಗೆದುಕೊಳ್ಳುವವರು ಅರ್ಧದಿಂದ ಕಾಲು ಭಾಗಕ್ಕೆ ಇಳಿದರೂ ಮನೆಗಳು ದ್ವಿಗುಣವಾದ್ದರಿಂದ ಆ ಆದಾಯ 29,250ರಲ್ಲೇ ನಿಲ್ಲುತ್ತದೆ. ಸಂಪಿನ ಕೆಲಸ ತುಂಡಿಗೆ ತಿಂಗಳಿಗೆ 14ಕ್ಕೆ ಏರಿ, ಮೂರರಿಂದ 33,600 ಬರುತ್ತದೆ. ಒಟ್ಟು 62,850. ಕಟ್ಟಡಗಳ ಉದ್ದರಿ ಇಲ್ಲವಾದ್ದರಿಂದ ಬಾಕಿ 2,000ಕ್ಕೆ ಇಳಿದು, ಖರ್ಚೆಲ್ಲ 35,000 ಕಳೆದರೆ 27,850. ಆದಾಯ ಇಳಿಯಿತು, ಆದರೆ ನಿಲ್ಲಲಿಲ್ಲ. ತೀರಿಸಬೇಕಾದ ಟ್ಯಾಂಕರ್ ಸಾಲವೂ ಇಲ್ಲ.

ಅದೇ ತಿಂಗಳು ಹೊಸ ಕೆಲಸವೂ ಹುಟ್ಟುತ್ತದೆ. ಟ್ಯಾಂಕರ್ ಪೈಪು ಇಳಿಸಲೆಂದು ಬಾಯಿ ಬಿಟ್ಟಿದ್ದ ಸಂಪಿಗೆ ಈಗ ಫ್ಲೋಟ್ ವಾಲ್ವು ಬೇಕು. ಇಲ್ಲದಿದ್ದರೆ ರಾತ್ರಿ ಎರಡಕ್ಕೆ ಬಿಟ್ಟ ನೀರು ಉಕ್ಕಿ ರಸ್ತೆಗೆ ಹೋಗುತ್ತದೆ, ಮೀಟರ್ ಮಾತ್ರ ಓಡುತ್ತದೆ. ಬೋರ್ ನೀರಿನ ಕೆಸರಿನ ಮೇಲೆ ಕಾವೇರಿ ನೀರು ಬಿದ್ದರೆ ಮೊದಲ ವಾರ ನಲ್ಲಿಯಲ್ಲಿ ಕೆಂಪು ಬರುತ್ತದೆ, ಜನ ಜಲಮಂಡಳಿಯನ್ನು ಬೈಯುತ್ತಾರೆ. ಸಂಪರ್ಕ ಕೊಡುವ ದಿನಾಂಕ ತಿಳಿದ ಕೂಡಲೇ, ಅದಕ್ಕೆ ಮುಂಚಿನ ವಾರದಲ್ಲಿ ಸಂಪು ತೊಳೆದು ವಾಲ್ವು ಕೂರಿಸುವ ಕೆಲಸವನ್ನು ಒಂದೇ ದರಕ್ಕೆ ರಸ್ತೆ ರಸ್ತೆಯಾಗಿ ಬುಕ್ ಮಾಡಿಕೊಳ್ಳಬಹುದು. ಯಾರ ಸಂಪು ಎಷ್ಟು ಉದ್ದ, ಎಷ್ಟು ಅಗಲ, ಕಡೆಯ ಬಾರಿ ತೊಳೆದದ್ದು ಯಾವಾಗ ಎಂಬ ಪಟ್ಟಿ ಆಗ ನಿಮ್ಮೊಬ್ಬರ ಹತ್ತಿರವೇ ಇರುತ್ತದೆ.